ಕಂಪನಿ ಮುಳುಗಿದರೆ ಷೇರುದಾರನ ಮನೆ ಯಾಕೆ ಹರಾಜಾಗುವುದಿಲ್ಲ?

ದೊಡ್ಡ ಕಂಪನಿಯೊಂದು ದಿವಾಳಿಯಾದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ಅವನಿಗೆ ಬಂಗಲೆ ಇದೆ, ತೋಟ ಇದೆ, ಅದನ್ನೆಲ್ಲ ಮಾರಿ ಸಾಲ ತೀರಿಸಲಿ." ಹಣ ಕಳೆದುಕೊಂಡವರ ಸಿಟ್ಟು ಅರ್ಥವಾಗುತ್ತದೆ. ಆದರೆ ಲಿಮಿಟೆಡ್ ಕಂಪನಿಯಲ್ಲಿ ಷೇರುದಾರನ ಸ್ವಂತ ಆಸ್ತಿಯನ್ನು ಕಾನೂನು ಮುಟ್ಟದಿರುವುದು ಶ್ರೀಮಂತರಿಗೆಂದೇ ಬಿಟ್ಟ ಕಳ್ಳದಾರಿ ಎಂಬ ನಂಬಿಕೆ ಮಾತ್ರ ತಪ್ಪು. ಈ ನಿಯಮ ಇಲ್ಲದ ಕಂಪನಿ ಮುಳುಗಿದರೆ ಮೊದಲು ಬೀದಿಗೆ ಬೀಳುವವರು ಸ್ವಲ್ಪ ಉಳಿತಾಯದ ಹಣ ಹಾಕಿದ ಸಣ್ಣವರು. ಇದನ್ನು ನೋಡಲು ಸ್ಕಾಟ್ಲೆಂಡಿನ ಒಂದು ಬ್ಯಾಂಕಿನ ಕತೆ ಸಾಕು.

ಅದರ ಹೆಸರು ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್. 1878ರ ಬೇಸಿಗೆಯಲ್ಲಿ ಅದು ಷೇರುದಾರರಿಗೆ ಶೇಕಡಾ 12ರಷ್ಟು ಲಾಭಾಂಶ ಘೋಷಿಸಿತು. ಅದೇ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ನಿರ್ದೇಶಕರು ಬೆರಳೆಣಿಕೆಯ ಕೆಲವು ಸಂಸ್ಥೆಗಳಿಗೆ ಭಾರಿ ಸಾಲ ಕೊಟ್ಟಿದ್ದರು. ಅದು ವಾಪಸ್ ಬರುವುದಿಲ್ಲ ಎಂದು ಗೊತ್ತಾದ ಮೇಲೂ ಲೆಕ್ಕಪತ್ರ ತಿದ್ದಿ ಮುಚ್ಚಿಟ್ಟಿದ್ದರು. ಬ್ಯಾಂಕಿನ ಬಂಡವಾಳ 10 ಲಕ್ಷ ಪೌಂಡ್. ಅದೆಲ್ಲ ಕರಗಿದ ಮೇಲೂ ಇನ್ನೂ 50 ಲಕ್ಷ ಪೌಂಡಿಗಿಂತ ಜಾಸ್ತಿ ಕೊರತೆ ಉಳಿದಿತ್ತು.

ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಸೀಮಿತ ಹೊಣೆಗಾರಿಕೆಯ, ಅಂದರೆ ಷೇರುದಾರನ ಸ್ವಂತ ಆಸ್ತಿಯನ್ನು ಮುಟ್ಟದ, ಕಾನೂನು ಬಂದು ಎರಡು ದಶಕ ದಾಟಿತ್ತು. 1855ರಲ್ಲಿ ಮೊದಲ ಕಾಯ್ದೆ, ಮರುವರ್ಷವೇ ಇನ್ನೊಂದು, ಸ್ವಲ್ಪದರಲ್ಲೇ ಬ್ಯಾಂಕುಗಳಿಗೂ ಅದರ ಅವಕಾಶ. ಭಾರತದಲ್ಲೂ 1857ರಲ್ಲೇ ಕಾನೂನು ಬಂತು, 1860ರಲ್ಲಿ ಬ್ಯಾಂಕುಗಳಿಗೂ ವಿಸ್ತರಿಸಿತು. ಆದರೆ ಗ್ಲಾಸ್ಗೋದ ಈ ಬ್ಯಾಂಕು ಅದನ್ನು ತೆಗೆದುಕೊಂಡಿರಲಿಲ್ಲ. ನಮ್ಮ ಷೇರುದಾರರ ಮನೆಮಠವೆಲ್ಲ ನಿಮ್ಮ ಠೇವಣಿಗೆ ಭದ್ರತೆ ಎಂದು ಹೇಳಿಕೊಳ್ಳುವುದು ಆಗ ಬ್ಯಾಂಕಿಗೆ ಹೆಮ್ಮೆಯ ಮಾತಾಗಿತ್ತು. ಹಾಗಾಗಿ ಕೊರತೆ ತುಂಬುವ ಭಾರ 1,819 ಷೇರುದಾರರ ತಲೆಯ ಮೇಲೆ ಬಂತು.

ಈಗ ಲೆಕ್ಕ ನೋಡಿ. ಬಂಡವಾಳ 10 ಲಕ್ಷ, ಕೊರತೆ 50 ಲಕ್ಷ ಚಿಲ್ಲರೆ. ಸಮವಾಗಿ ಹಂಚಿದರೆ 100 ಪೌಂಡಿನ ಷೇರು ಇದ್ದವನು ಇನ್ನೂ 500 ಪೌಂಡಿಗಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಮುಗಿಯಬೇಕು, ಅಲ್ವಾ? ಮುಳುಗಿದ ಬ್ಯಾಂಕಿನ ಲೆಕ್ಕ ಚುಕ್ತಾ ಮಾಡುವ ಲಿಕ್ವಿಡೇಟರುಗಳು ಮೊದಲು ಕೇಳಿದ್ದೂ 500 ಪೌಂಡನ್ನೇ. ಆದರೆ ತುಂಬಾ ಜನರ ಹತ್ತಿರ ಅಷ್ಟು ಹಣವೇ ಇರಲಿಲ್ಲ. ಇದ್ದಬದ್ದದ್ದನ್ನು ಕೊಟ್ಟು ಅವರು ದಿವಾಳಿಯಾದರು. ಅವರಿಂದ ಬಾರದ ಹಣ ಆರಿಹೋಗಲಿಲ್ಲ, ಉಳಿದವರ ಪಾಲಿಗೆ ಸೇರಿತು. ಕೆಲವೇ ತಿಂಗಳಲ್ಲಿ ಹಣ ಕಟ್ಟಿ ಎಂಬ ಎರಡನೇ ಕರೆ ಬಂತು. ಈ ಸಲ ಪ್ರತಿ 100 ಪೌಂಡಿಗೆ 2,250. ಕೊನೆಯಲ್ಲಿ ದಿವಾಳಿಯಾಗದೆ ಉಳಿದ ಷೇರುದಾರರು 254 ಮಂದಿ ಮಾತ್ರ.

ಹತ್ತು ಜನ ಹೋಟೆಲಿಗೆ ಹೋಗಿ ಉಂಡು, ಬಿಲ್ ಬರುವ ಹೊತ್ತಿಗೆ ಒಬ್ಬೊಬ್ಬರೇ ಜೇಬು ಖಾಲಿ ಎಂದು ಕೈಯೆತ್ತಿದರೆ, ಕೊನೆಗೆ ಜೇಬಿನಲ್ಲಿ ಹಣ ಇರುವವನೇ ಎಲ್ಲರದ್ದೂ ಕೊಡಬೇಕಾಗುತ್ತದಲ್ಲ, ಇಲ್ಲಿ ನಡೆದದ್ದು ಅದೇ. ನೀವು ಎಷ್ಟು ತಿಂದಿರಿ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಜೊತೆಯಲ್ಲಿ ಕೂತವರ ಜೇಬು ಎಷ್ಟು ಗಟ್ಟಿ ಎಂಬುದೇ ನಿಮ್ಮ ಪಾಲನ್ನು ತೀರ್ಮಾನಿಸುತ್ತದೆ.

ಇನ್ನೂ ಭಯಂಕರವಾದ ಒಂದು ಉದಾಹರಣೆ ಇದೇ ಪ್ರಕರಣದಲ್ಲಿದೆ. ಇನ್ವರ್ನೆಸ್‌ನ ಕಲೆಡೋನಿಯನ್ ಬ್ಯಾಂಕ್ ಬಳಿ ಗ್ಲಾಸ್ಗೋ ಬ್ಯಾಂಕಿನ 400 ಪೌಂಡಿನ ಷೇರು ಇತ್ತು, ಅಷ್ಟೇ. ಆದರೆ ಹೊಣೆಗೆ ಮಿತಿಯೇ ಇಲ್ಲದ ಮೇಲೆ, ಹಣವುಳ್ಳ ಷೇರುದಾರ ಎಂದರೆ ಕೊನೆಗೆ ಸಿಕ್ಕಿಬೀಳುವ ಆಸಾಮಿ. ಗ್ರಾಹಕರಿಗೆ ಈ ವಿಷಯ ಗೊತ್ತಾಗಿ ನಂಬಿಕೆ ಕುಸಿಯಿತು. ಆ ಬ್ಯಾಂಕೂ ಕೆಲವು ತಿಂಗಳು ಬಾಗಿಲು ಹಾಕಬೇಕಾಯಿತು. ಬೇರೆಯವರ ಪರವಾಗಿ ಟ್ರಸ್ಟಿಗಳಾಗಿ ಷೇರು ಹಿಡಿದುಕೊಂಡಿದ್ದವರು ನ್ಯಾಯಾಲಯಕ್ಕೆ ಹೋದರು. ನಮಗೆ ಇದರಿಂದ ಒಂದು ಪೆನ್ನಿಯೂ ಲಾಭವಿಲ್ಲ, ನಮ್ಮ ಸ್ವಂತ ಆಸ್ತಿ ಬಿಡಿ ಎಂದರು. ನ್ಯಾಯಾಲಯ ಒಪ್ಪಲಿಲ್ಲ.

ಠೇವಣಿದಾರರಿಗೆ ಮಾತ್ರ ಹಣ ಪೂರ್ತಿ ಸಿಕ್ಕಿತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಂದರೆ ಮಿತಿಯಿಲ್ಲದ ಹೊಣೆಯಿಂದ ಸಾಲ ಕೊಟ್ಟವರಿಗೆ ನಿಜವಾಗಿಯೂ ಲಾಭವಿದೆ. ಪ್ರಶ್ನೆ ಇರುವುದು ಯಾರ ಬೆಲೆಗೆ ಎಂಬುದರಲ್ಲಿ. ಲೆಕ್ಕ ತಿದ್ದಿದ ನಿರ್ದೇಶಕರು ಜೈಲಿಗೆ ಹೋದರು, ನಿಜ. ಆದರೆ ಬ್ಯಾಂಕಿನ ಒಳಗೆ ಏನು ನಡೆಯುತ್ತಿದೆ ಎಂದು ನೋಡಲೂ ಆಗದಿದ್ದ ಸಾಮಾನ್ಯ ಷೇರುದಾರರು ಮನೆ ಕಳೆದುಕೊಂಡರು.

ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಹೊಣೆಗೆ ಮಿತಿ ಇಲ್ಲದಿದ್ದರೆ, ಷೇರು ಕೊಳ್ಳುವ ಮುನ್ನ ಉಳಿದ ಷೇರುದಾರರು ಯಾರು, ಅವರ ಆಸ್ತಿ ಎಷ್ಟು ಎಂದು ನೀವು ವಿಚಾರಿಸಲೇಬೇಕು. ಶ್ರೀಮಂತನೊಬ್ಬ ತನ್ನ ಷೇರನ್ನು ಬಡವನಿಗೆ ಮಾರಿದರೆ ನಿಮ್ಮ ಅಪಾಯ ಹೆಚ್ಚುತ್ತದೆ. ಒಂದೇ ಷೇರು ನೂರು ಎಕರೆ ಇರುವವನಿಗೆ ಬೆಂಕಿಯಂತೆ ಅಪಾಯಕಾರಿ, ಏನೂ ಇಲ್ಲದವನಿಗೆ ಅಷ್ಟೇನೂ ಅಲ್ಲ. ಹಾಗಿರುವಾಗ ಅದಕ್ಕೆ ಎಲ್ಲರಿಗೂ ಒಪ್ಪುವ ಒಂದು ಬೆಲೆ ಕಟ್ಟುವುದು ಹೇಗೆ? ಹೊಣೆಗೆ ಮಿತಿ ಹಾಕಿದ ಕೂಡಲೇ ಈ ತಲೆನೋವು ಹೋಗುತ್ತದೆ. ಷೇರಿನ ಪೂರ್ತಿ ಹಣ ಕಟ್ಟಿದ್ದರೆ ಮುಂದೆ ಏನೂ ಕೊಡಬೇಕಿಲ್ಲ. 10 ರೂಪಾಯಿಯ ಷೇರಿಗೆ 6 ರೂಪಾಯಿ ಮಾತ್ರ ಕಟ್ಟಿದ್ದರೆ ಉಳಿದ 4 ಕೊಡಬೇಕು, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ಪಕ್ಕದ ಷೇರುದಾರ ಯಾರಾದರೇನು? ಗುರುತು ಪರಿಚಯ ಇಲ್ಲದ ಲಕ್ಷಾಂತರ ಜನ ಒಂದೇ ಕಂಪನಿಗೆ ಹಣ ಹಾಕಲು ಸಾಧ್ಯವಾಗುವುದು ಹೀಗೆ.

ಸರಿ, ಲಕ್ಷಾಂತರ ಜನರ ಕಂಪನಿಗೆ ಇದು ಒಪ್ಪುತ್ತದೆ. ಒಬ್ಬನೇ ನಡೆಸುವ ಕಂಪನಿಗೆ? ಈ ಪ್ರಶ್ನೆ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬೂಟು ತಯಾರಿಸುತ್ತಿದ್ದ ಆರನ್ ಸಾಲಮನ್ ಎಂಬುವರಿಂದ ಎದ್ದಿತು. 1892ರಲ್ಲಿ ಅವರು ಚೆನ್ನಾಗಿ ನಡೆಯುತ್ತಿದ್ದ ತಮ್ಮ ವ್ಯಾಪಾರವನ್ನು ಹೊಸದಾಗಿ ಮಾಡಿದ ಕಂಪನಿಗೆ ಸುಮಾರು 39,000 ಪೌಂಡಿಗೆ ಮಾರಿದರು. ಕಾನೂನಿಗೆ ಏಳು ಷೇರುದಾರರು ಬೇಕಿತ್ತು. ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳಿಗೆ ಒಂದೊಂದು ಷೇರು. ಸಾಲಮನ್‌ಗೆ 20,001. ಮಾರಾಟದ ಬೆಲೆಯಲ್ಲಿ 10,000 ಪೌಂಡನ್ನು ಕಂಪನಿ ನಗದಾಗಿ ಕೊಡದೆ ಡಿಬೆಂಚರ್ ರೂಪದಲ್ಲಿ ಕೊಟ್ಟಿತು. ಅಂದರೆ ಸಾಲಮನ್ ತಮ್ಮದೇ ಕಂಪನಿಗೆ, ಅದರ ಆಸ್ತಿಯ ಅಡಮಾನದ ಮೇಲೆ, ಸಾಲ ಕೊಟ್ಟವರಾದರು.

ಸ್ವಲ್ಪ ದಿನದಲ್ಲೇ ಮುಷ್ಕರಗಳು ಬಂದವು, ಬೂಟಿನ ವ್ಯಾಪಾರ ಕುಸಿಯಿತು. ಕಂಪನಿ ಉಳಿಸಲು ಸಾಲಮನ್ ತಮ್ಮ ಡಿಬೆಂಚರನ್ನೇ ಒತ್ತೆಯಿಟ್ಟು ಬ್ರಾಡರಿಪ್ ಎಂಬುವರಿಂದ 5,000 ಪೌಂಡ್ ತಂದು ಅದರೊಳಗೆ ಹಾಕಿದರು. ಪ್ರಯೋಜನವಾಗಲಿಲ್ಲ. 1893ರಲ್ಲಿ ಕಂಪನಿ ಮುಚ್ಚಿತು. ಆಸ್ತಿ ಮಾರಿ ಬ್ರಾಡರಿಪ್ ಸಾಲ ತೀರಿಸಿದ ಮೇಲೆ ಉಳಿದದ್ದು ಸುಮಾರು 1,000 ಪೌಂಡ್. ಅಡಮಾನವಿಲ್ಲದೆ ಸರಕು ಕೊಟ್ಟವರಿಗೆ ಬರಬೇಕಾದದ್ದು 7,000ಕ್ಕೂ ಜಾಸ್ತಿ. ಆ ಉಳಿದ ಹಣವೂ ಡಿಬೆಂಚರ್ ಲೆಕ್ಕದಲ್ಲಿ ನನಗೇ ಸೇರಬೇಕು ಎಂದರು ಸಾಲಮನ್.

ಕೇಳಿದರೆ ಸಿಟ್ಟು ಬರುತ್ತದೆ. ಕೆಳಗಿನ ಎರಡು ನ್ಯಾಯಾಲಯಗಳಿಗೂ ಬಂತು. ಕಂಪನಿ ಸಾಲಮನ್ನರ ಏಜೆಂಟ್ ಎಂದಿತು ಒಂದು. ಕಾಯ್ದೆಯ ಆಶಯಕ್ಕೇ ಇದು ವಿರುದ್ಧ ಎಂದಿತು ಇನ್ನೊಂದು. ಸಾಲವನ್ನು ಅವರೇ ತೀರಿಸಬೇಕು ಎಂದು ಎರಡೂ ಹೇಳಿದವು. ಅಷ್ಟರಲ್ಲಿ ಸಾಲಮನ್ ಬರಿಗೈಯಾಗಿದ್ದರು. ಬಡವರಿಗೆ ಇದ್ದ ವಿನಾಯಿತಿಯಲ್ಲೇ ಅವರು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ಗೆ ಮೇಲ್ಮನವಿ ಹಾಕಿದರು. 1896ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪನ್ನು ತಿರುಗಿಸಿದರು. ಕಾಯ್ದೆ ಏಳು ಷೇರುದಾರರು ಬೇಕು ಎಂದಿದೆ, ಏಳು ಜನ ಇದ್ದಾರೆ. ಒಬ್ಬೊಬ್ಬರಿಗೂ ಇಷ್ಟೇ ಪಾಲಿರಬೇಕು ಎಂದು ಎಲ್ಲೂ ಹೇಳಿಲ್ಲ. ನೋಂದಣಿಯಾದ ಕಂಪನಿ ಕಾನೂನಿನ ಕಣ್ಣಿಗೆ ಸಾಲಮನ್‌ಗಿಂತ ಬೇರೆಯದೇ ವ್ಯಕ್ತಿ. ಸರಕು ಕೊಂಡದ್ದು ಆ ವ್ಯಕ್ತಿ, ಸಾಲ ಅದರದ್ದು. ವಂಚನೆ ನಡೆದಿದ್ದರೆ ಮಾತು ಬೇರೆ, ಆದರೆ ಇಲ್ಲಿ ಸಾಲಮನ್ ಕಂಪನಿ ಉಳಿಸಲು ಒದ್ದಾಡಿದ್ದರು.

ಭಾರತದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ ತೀರ್ಪು ಇದು. 2013ರ ನಮ್ಮ ಕಂಪನಿ ಕಾಯ್ದೆಯಲ್ಲಿ ಒಬ್ಬನೇ ಸದಸ್ಯನಿರುವ ಕಂಪನಿಗೂ ಅವಕಾಶವಿದೆ, ಆರು ಜನ ಮನೆಯವರ ಹೆಸರು ಸೇರಿಸುವ ಅಗತ್ಯವೂ ಇಲ್ಲ. ಪಾಲುದಾರಿಕೆ ಸಂಸ್ಥೆಯಲ್ಲಿ ಮಾತ್ರ ಈ ರಕ್ಷಣೆ ಇಲ್ಲ. ಅಲ್ಲಿ ಸಂಸ್ಥೆಯ ಪೂರ್ತಿ ಸಾಲವನ್ನು ಒಬ್ಬ ಪಾಲುದಾರನಿಂದಲೇ ವಸೂಲಿ ಮಾಡಬಹುದು. ಅಣ್ಣತಮ್ಮಂದಿರು, ಗೆಳೆಯರು ಸೇರಿ ಅಂಗಡಿ ತೆರೆಯುವಾಗ ಇದನ್ನು ಯೋಚಿಸುವವರು ಕಮ್ಮಿ.

ಹಾಗಾದರೆ ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲಕ್ಕೆ ವಿಜಯ್ ಮಲ್ಯ ಅವರ ಸ್ವಂತ ಆಸ್ತಿಗೆ ಬ್ಯಾಂಕುಗಳು ಕೈಹಾಕಿದ್ದು ಹೇಗೆ? ಅದೂ ಲಿಮಿಟೆಡ್ ಕಂಪನಿಯೇ ಅಲ್ವಾ? ಷೇರುದಾರ ಎಂಬ ಕಾರಣಕ್ಕೆ ಅಲ್ಲ. 2010ರ ಡಿಸೆಂಬರ್‌ನಲ್ಲಿ ಕೊಟ್ಟ ವೈಯಕ್ತಿಕ ಗ್ಯಾರಂಟಿಯ ಆಧಾರದ ಮೇಲೆ. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಬ್ಯಾಂಕುಗಳಿಗೆ 6,203 ಕೋಟಿ ರೂಪಾಯಿ ಮತ್ತು ಬಡ್ಡಿ ವಸೂಲಿಗೆ ಆದೇಶ ಕೊಟ್ಟಿತು. ಅದೇ ಕಂಪನಿಯ ಷೇರನ್ನು ಮಾರುಕಟ್ಟೆಯಲ್ಲಿ ಕೊಂಡಿದ್ದ ಸಾಮಾನ್ಯ ಜನ ಷೇರಿನ ಹಣ ಕಳೆದುಕೊಂಡರು, ಆದರೆ ಅವರ ಮನೆ ಬಾಗಿಲಿಗೆ ಯಾವ ಬ್ಯಾಂಕೂ ಬರಲಿಲ್ಲ. ಗ್ಲಾಸ್ಗೋದ ನಿಯಮ ಇಲ್ಲಿದ್ದಿದ್ದರೆ ಬರುತ್ತಿತ್ತು.

ಸಣ್ಣ ಕಂಪನಿಗಳಲ್ಲಿ ಬ್ಯಾಂಕುಗಳು ಸಾಮಾನ್ಯವಾಗಿ ಇಂಥ ಗ್ಯಾರಂಟಿ ಕೇಳುತ್ತವೆ. ಸಾಲದ ಕಾಗದಗಳ ಕಂತೆಯಲ್ಲಿ ಅದೂ ಒಂದು ಸಹಿ. ಅಲ್ಲಿಗೆ ಆ ಬ್ಯಾಂಕಿನ ಮಟ್ಟಿಗೆ ಸೀಮಿತ ಹೊಣೆ ಮುಗಿಯಿತು. ದಿವಾಳಿ ಸಂಹಿತೆಯಲ್ಲಿ ಗ್ಯಾರಂಟಿ ಕೊಟ್ಟವರ ಮೇಲಿನ ನಿಯಮಗಳು 2019ರ ಡಿಸೆಂಬರ್‌ನಿಂದ ಜಾರಿಯಲ್ಲಿವೆ, 2021ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಎತ್ತಿಹಿಡಿಯಿತು. ಸಾಲ ಕೊಟ್ಟವರನ್ನು ಮೋಸಗೊಳಿಸಲೆಂದೇ ವ್ಯವಹಾರ ನಡೆಸಿದ್ದು ಸಾಬೀತಾದರೆ, ಹಾಗೆ ನಡೆಸಿದವರ ಮೇಲೆ ಮಿತಿಯಿಲ್ಲದ ಹೊಣೆ ಹೊರಿಸಲು ಕಂಪನಿ ಕಾಯ್ದೆಯ 339ನೇ ಕಲಂ ಇದೆ.

ಬ್ಯಾಂಕಿಗೆ ಗ್ಯಾರಂಟಿ ಕೇಳುವ ತಾಕತ್ತಿದೆ. ಅರವತ್ತು ದಿನದ ಸಾಲಕ್ಕೆ ರಟ್ಟಿನ ಡಬ್ಬ, ಬೋಲ್ಟು ನಟ್ಟು ಕೊಡುವ ಸಣ್ಣ ವ್ಯಾಪಾರಿಗೆ ಇಲ್ಲ. ಸಾಲಮನ್ ಪ್ರಕರಣದಲ್ಲಿ ಮುಳುಗಿದವರೂ ಇವರೇ. ಹಳೆಯ ಪರಿಚಯ ನೋಡಿ ಕಂಪನಿಯನ್ನು ನಂಬಿದರು, ಮೊದಲ ಹಕ್ಕು ಬೇರೆಯವರ ಕೈಯಲ್ಲಿದೆಯೇ ಎಂದು ವಿಚಾರಿಸಲಿಲ್ಲ. ನಾಲ್ಕೇ ವರ್ಷದಲ್ಲಿ, 1900ರ ಕಾಯ್ದೆಯ ಮೂಲಕ, ಬ್ರಿಟನ್ ಇಂಥ ಅಡಮಾನಗಳನ್ನು ಸಾರ್ವಜನಿಕವಾಗಿ ನೋಂದಾಯಿಸುವ ನಿಯಮ ತಂದಿತು. ನಮ್ಮಲ್ಲೂ ಅದಿದೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ Index of Charges ನೋಡಿದರೆ, ಯಾವ ಬ್ಯಾಂಕಿಗೆ ಎಷ್ಟು ಮೊತ್ತಕ್ಕೆ ಆಸ್ತಿ ಒತ್ತೆಯಿದೆ ಎಂದು ಕಾಣುತ್ತದೆ. ಗೋದಾಮಿನ ಸರಕು, ಬರಬೇಕಾದ ಬಾಕಿ ಎಲ್ಲವೂ ಬ್ಯಾಂಕಿನ ಹೆಸರಿಗಿದ್ದರೆ, ಕಂಪನಿ ಮುಚ್ಚಿದ ದಿನ ಸರಕು ಕೊಟ್ಟವರಿಗೆ ಉಳಿಯುವುದು ಅಷ್ಟಕ್ಕಷ್ಟೇ. ಅಂಥ ಕಡೆ ಒಂದೋ ಮುಂಗಡ ತೆಗೆದುಕೊಳ್ಳಬೇಕು, ಇಲ್ಲವೇ ಮಾಲೀಕನಿಂದ ನೀವೂ ಒಂದು ಗ್ಯಾರಂಟಿ ಬರೆಸಿಕೊಳ್ಳಬೇಕು.