ಯೂರಿ ಅಲೆಕ್ಸೇಯೆವಿಚ್, ಯೂರಾ, ಯೂರೊಚ್ಕಾ

1961ರ ಏಪ್ರಿಲ್ 12ರ ಬೆಳಿಗ್ಗೆ. ಬೈಕನೂರಿನಲ್ಲಿ ರಾಕೆಟ್ಟಿನ ನೆತ್ತಿಯ ಮೇಲೆ ಕೂತು ಕಾಯುತ್ತಿದ್ದ ಸೋವಿಯತ್ ಗಗನಯಾತ್ರಿ ಯೂರಿ ಗಗಾರಿನ್ ಜೊತೆ ನೆಲದಿಂದ ರೇಡಿಯೊದಲ್ಲಿ ಮಾತು ನಡೆದಿತ್ತು. ಆತನಿಗೆ 'ಕೇದ್ರ್', ಅಂದರೆ ದೇವದಾರು, ಎಂಬ ಗುಪ್ತನಾಮವಿತ್ತು. ಆದರೂ ಮಾತಿನ ನಡುವೆ ನಿಜವಾದ ಹೆಸರು ನುಸುಳುತ್ತಲೇ ಇತ್ತು. ಮುಖ್ಯ ವಿನ್ಯಾಸಕ ಕೊರೊಲ್ಯೋವ್ 'ಯೂರಿ ಅಲೆಕ್ಸೇಯೆವಿಚ್' ಎಂದು ಕರೆದು ಬಹುವಚನದಲ್ಲಿ ಧೈರ್ಯ ಹೇಳಿದರು. ಜೊತೆಯ ಗಗನಯಾತ್ರಿ ಪೊಪೊವಿಚ್, 'ಯೂರಾ, ಬೇಜಾರಾಗ್ತಿಲ್ವಾ ಅಲ್ಲಿ?' ಎಂಬ ಧಾಟಿಯಲ್ಲಿ ಏಕವಚನದಲ್ಲೇ ವಿಚಾರಿಸಿದರು.

ಇಲ್ಲಿ ಗಮನಿಸಿ: ಕೊರೊಲ್ಯೋವ್‌ಗೆ 54 ವರ್ಷ, ಗಗಾರಿನ್‌ಗೆ 27. ಹಿರಿಯರೇ ಕಿರಿಯನಿಗೆ ತಂದೆಯ ಹೆಸರು ಸೇರಿಸಿ, 'ನೀವು' ಅನ್ನುತ್ತಿದ್ದಾರೆ. ಅದು ಬರೀ ವಯಸ್ಸಿಗೆ ಕೊಡುವ ಮರ್ಯಾದೆಯಲ್ಲ, ಕೆಲಸದ ಜಾಗದ ಗಾಂಭೀರ್ಯ.

ರಷ್ಯನ್ನರ ಈ ನಡುವಿನ ಹೆಸರನ್ನು ನಮ್ಮಲ್ಲಿ ಹಲವರು ಮನೆತನದ ಹೆಸರೆಂದೇ ತಿಳಿಯುತ್ತಾರೆ. ಅಲ್ಲ. ಗಗಾರಿನ್ ತಂದೆ ಅಲೆಕ್ಸೇಯ್. ಆ ಹೆಸರಿಗೆ ಮಗನಾದರೆ '-ಎವಿಚ್', ಮಗಳಾದರೆ '-ಎವ್ನಾ' ಅಂಟುತ್ತದೆ. ಹೆಸರಿನ ಕೊನೆ ಗಡುಸು ವ್ಯಂಜನವಾದರೆ '-ಒವಿಚ್', '-ಒವ್ನಾ': ಇವಾನ್‌ನ ಮಗ ಇವಾನೊವಿಚ್, ಮಗಳು ಇವಾನೊವ್ನಾ. ಇಲ್ಯಾ ಥರದ ಹೆಸರಿಗೆ ಬೇರೆ ದಾರಿ, ಇಲ್ಯಿಚ್. ಗಗಾರಿನ್ ಹೆಣ್ಣುಮಕ್ಕಳಿಬ್ಬರೂ ಹೀಗೆ ಯೂರ್ಯೆವ್ನಾ ಆದರು. ಆದರೆ '-ವಿಚ್' ಕಂಡಲ್ಲೆಲ್ಲ ತಂದೆಯನ್ನು ಹುಡುಕಬೇಡಿ! ಪಾವೆಲ್ ರೊಮಾನೊವಿಚ್ ಪೊಪೊವಿಚ್ ಎಂಬಲ್ಲಿ ತಂದೆ ರೊಮಾನ್. ಪೊಪೊವಿಚ್ ಎಂಬುದು 'ಪಾದ್ರಿಯ ಮಗ' ಎಂಬ ಅರ್ಥದಿಂದ ಬಂದು ಮನೆತನದ ಹೆಸರಾಗಿ ನಿಂತದ್ದು. ಅದಕ್ಕೇ ಹೆಂಡತಿ ಮರೀನಾ ಕೂಡ ಪೊಪೊವಿಚ್. ಅದು '-ವ್ನಾ' ಆಗುವುದಿಲ್ಲ.

'ಯೂರಾ' ಬರೀ ಕತ್ತರಿಸಿದ ಹೆಸರಲ್ಲ, ಗೆಳೆಯರು, ಓರಗೆಯವರು ಬಳಸುವ ಸಾಮಾನ್ಯ ರೂಪ. 'ಯೂರೊಚ್ಕಾ' ಅಂದರೆ ತಾಯಿಯ, ಹೆಂಡತಿಯ ಮುದ್ದು. 'ಯೂರ್ಕಾ' ಬೀದಿಯ ಜೊತೆಗಾರನ ಬಾಯಲ್ಲಿ ಸಲಿಗೆ, ಪರಿಚಯವಿಲ್ಲದವನ ಬಾಯಲ್ಲಿ ಅಸಡ್ಡೆ. ನಾವು 'ರಾಮ'ನನ್ನು 'ರಾಮು' ಅನ್ನುವುದಕ್ಕೂ 'ರಾಮ್ಯಾ' ಅನ್ನುವುದಕ್ಕೂ ಇರುವ ಅಂತರವೇ ಇದು. ಎದುರೇ ಕರೆಯುವಾಗ ಕೊನೆಯ ಸ್ವರವೂ ಉದುರಿ 'ಯೂರ್!' ಆಗುವುದುಂಟು.

ಎಡವುವುದು ಬೆರಕೆ ಮಾಡಿದಾಗ. 'ಯೂರಾ ಅಲೆಕ್ಸೇಯೆವಿಚ್' ಎಂದರೆ ರಷ್ಯನ್ ಕಿವಿಗೆ ತಮಾಷೆ: ಮುದ್ದುಹೆಸರಿನ ಜೊತೆ ತಂದೆಯ ಹೆಸರು ಕೂರುವುದಿಲ್ಲ. ಪತ್ರದಲ್ಲೂ ಮಾತಿನಲ್ಲೂ ಗೌರವಕ್ಕೆ ಹೆಸರು, ತಂದೆಯ ಹೆಸರು ಎರಡೇ ಸಾಕು. ಹಾಗೆಂದು ತಂದೆಯ ಹೆಸರು ಯಾವಾಗಲೂ ಶಿಷ್ಟಾಚಾರದ್ದೇ ಅಲ್ಲ: ಕಾರ್ಖಾನೆಯ ಹಳಬರು ಒಬ್ಬರನ್ನೊಬ್ಬರು ಬರೀ 'ಪೆತ್ರೋವಿಚ್' ಅಂದುಕೊಂಡು, ಏಕವಚನದಲ್ಲೇ ಹರಟುತ್ತಾರೆ. ಅಷ್ಟೇ ಅಲ್ಲ, ವರ್ಷಗಟ್ಟಲೆ 'ಯೂರಾ' ಅಂದವರು ಒಂದು ದಿನ ಇದ್ದಕ್ಕಿದ್ದಂತೆ 'ಯೂರಿ ಅಲೆಕ್ಸೇಯೆವಿಚ್' ಅಂದರೆ ಅದು ಗೌರವವಲ್ಲ. ಕೋಪ, ಇಲ್ಲವೇ ಚುಚ್ಚುಮಾತು.

ಕೊನೆಯ '-ಆ' ನೋಡಿ ಹೆಣ್ಣು ಅಂದುಕೊಳ್ಳುವುದೂ ತಪ್ಪು. ಸಾಶಾ ಅಲೆಕ್ಸಾಂದ್ರ್ ಇರಬಹುದು, ಅಲೆಕ್ಸಾಂದ್ರಾ ಕೂಡ. ನಮ್ಮಲ್ಲಿ ಹುಡುಗಿಯರಿಗಿಡುವ ನಿಕಿತಾ ಅಲ್ಲಿ ಗಂಡಸಿನ ಹೆಸರು, ಅದೂ ಮುದ್ದುಹೆಸರಲ್ಲ: ಗಗಾರಿನ್ ಹಾರಿದಾಗ ದೇಶ ಆಳುತ್ತಿದ್ದವರೇ ನಿಕಿತಾ ಸೆರ್ಗೇಯೆವಿಚ್ ಕ್ರುಶ್ಚೇವ್.