ರಾಜೇಶ್ ಎಕ್ಸ್‌ಪೋರ್ಟ್ಸ್ ದೊಡ್ಡದೋ, ಇನ್ಫೋಸಿಸ್ ದೊಡ್ಡದೋ?

ಎರಡೂ ಬೆಂಗಳೂರಿನ ಕಂಪನಿಗಳು, ಎರಡೂ ಷೇರುಪೇಟೆಯಲ್ಲಿವೆ. 2022-23ನೇ ಸಾಲಿನಲ್ಲಿ ಇನ್ಫೋಸಿಸ್‌ನ ವಹಿವಾಟು ಸುಮಾರು 1.47 ಲಕ್ಷ ಕೋಟಿ ರೂಪಾಯಿ. ಚಿನ್ನದ ವ್ಯವಹಾರ ನಡೆಸುವ ರಾಜೇಶ್ ಎಕ್ಸ್‌ಪೋರ್ಟ್ಸ್ ತೋರಿಸಿದ ವಹಿವಾಟು ಸುಮಾರು 3.4 ಲಕ್ಷ ಕೋಟಿ, ಅಂದರೆ ಅದರ ಎರಡು ಪಟ್ಟಿಗೂ ಹೆಚ್ಚು. ಕಂಪನಿಗಳನ್ನು ವಹಿವಾಟಿನ ಲೆಕ್ಕದಲ್ಲೇ ಸಾಲಾಗಿ ನಿಲ್ಲಿಸುವ ಫಾರ್ಚೂನ್ ಗ್ಲೋಬಲ್ 500 ಪಟ್ಟಿಯಲ್ಲಿ ರಾಜೇಶ್ ಎಕ್ಸ್‌ಪೋರ್ಟ್ಸ್ ಇತ್ತು, ಇನ್ಫೋಸಿಸ್ ಇರಲಿಲ್ಲ.

ಆದರೆ ಇನ್ಫೋಸಿಸ್‌ನ ಸಿಬ್ಬಂದಿ 3.43 ಲಕ್ಷ. ಅದರ ನೂರರಲ್ಲಿ ಒಂದು ಪಾಲಿನಷ್ಟು ಜನವೂ ಇನ್ನೊಂದರಲ್ಲಿಲ್ಲ. 2023ರ ಮಾರ್ಚ್ ಕೊನೆಗೆ ಷೇರುಪೇಟೆ ಇನ್ಫೋಸಿಸ್‌ಗೆ ಕಟ್ಟಿದ ಬೆಲೆ ಆರು ಲಕ್ಷ ಕೋಟಿಯ ಹತ್ತಿರ; ರಾಜೇಶ್ ಎಕ್ಸ್‌ಪೋರ್ಟ್ಸ್‌ಗೆ 20 ಸಾವಿರ ಕೋಟಿಗೂ ಕಡಿಮೆ. ಯಾವ ಅಂಕಿಯನ್ನು ಹಿಡಿಯುತ್ತೀರೋ ಅದರ ಮೇಲೆ ಉತ್ತರ ತಲೆಕೆಳಗಾಗುತ್ತದೆ.

ಈ ಗೊಂದಲದ ಬೇರು ವಹಿವಾಟಿನಲ್ಲಿದೆ. ವಹಿವಾಟು ಎಂದರೆ ಕಂಪನಿ ಮಾರಿದ್ದರ ಒಟ್ಟು ಬೆಲೆ. ಅದರಲ್ಲಿ ಎಷ್ಟು ಭಾಗ ಕಂಪನಿಯ ಸ್ವಂತ ದುಡಿಮೆ, ಎಷ್ಟು ಭಾಗ ಬೇರೆಯವರಿಂದ ಕೊಂಡ ಸರಕು ಎಂಬುದನ್ನು ಅದು ಹೇಳುವುದಿಲ್ಲ. ರಾಜೇಶ್ ಎಕ್ಸ್‌ಪೋರ್ಟ್ಸ್ 2015ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಕಾಂಬಿ ಎಂಬ ದೊಡ್ಡ ಚಿನ್ನ ಶುದ್ಧೀಕರಣ ಕಂಪನಿಯನ್ನು ಕೊಂಡಿತು. ಚಿನ್ನ ಕೊಂಡು, ಶುದ್ಧಗೊಳಿಸಿ, ಗಟ್ಟಿ ಮಾಡಿ ಮಾರಿದಾಗ ಮಾರಾಟದ ಬೆಲೆಯ ಬಹುಪಾಲು ಆ ಚಿನ್ನದ್ದೇ ಆಗಿರುತ್ತದೆ. ಕಂಪನಿ ತಾನಾಗಿ ಸೇರಿಸಿದ್ದು ಅತಿ ತೆಳುವಾದ ಪದರ. 2022-23ರಲ್ಲಿ ಅದರ ನಿವ್ವಳ ಲಾಭ ಸುಮಾರು 1,430 ಕೋಟಿ: ನೂರು ರೂಪಾಯಿ ಮಾರಾಟಕ್ಕೆ 42 ಪೈಸೆ. ಇನ್ಫೋಸಿಸ್‌ಗೆ ಅದೇ ನೂರಕ್ಕೆ 16 ರೂಪಾಯಿಗಿಂತ ಹೆಚ್ಚು ಉಳಿಯಿತು. ಇನ್ನೊಂದು ಮಾತು: ಚಿನ್ನದ ದರ ದುಪ್ಪಟ್ಟಾದರೆ ಇಂಥ ಕಂಪನಿ ಒಂದು ಗ್ರಾಂ ಹೆಚ್ಚು ಮಾರದೆಯೂ ಅದರ ವಹಿವಾಟು ದುಪ್ಪಟ್ಟಾಗುತ್ತದೆ. ಕಾರ್ಖಾನೆ ಒಂದಿಂಚೂ ಬೆಳೆದಿರುವುದಿಲ್ಲ.

ಹಾಗಾಗಿ ವಹಿವಾಟಿನಿಂದ ಕೊಂಡ ಸರಕು ಮತ್ತು ಸೇವೆಗಳ ಖರ್ಚನ್ನು ಕಳೆದು ನೋಡಬೇಕು. ಉಳಿಯುವುದನ್ನು ಮೌಲ್ಯವರ್ಧನೆ ಎನ್ನುತ್ತಾರೆ. ಸಂಬಳ, ಬಡ್ಡಿ, ತೆರಿಗೆ, ಲಾಭ ಎಲ್ಲವೂ ಹುಟ್ಟುವುದು ಅದರಿಂದಲೇ. ಬೇರೆ ಬೇರೆ ಬಗೆಯ ಕಂಪನಿಗಳನ್ನು ಪಕ್ಕಪಕ್ಕ ಇಡಲು ನನಗೆ ಇದಕ್ಕಿಂತ ನ್ಯಾಯವಾದ ಅಳತೆ ಕಾಣುವುದಿಲ್ಲ. ವಾರ್ಷಿಕ ವರದಿಯ ಲಾಭ-ನಷ್ಟ ಪಟ್ಟಿಯಲ್ಲಿ ಕಚ್ಚಾವಸ್ತುವಿನ ಖರ್ಚು ಬೇರೆ ಸಾಲಿನಲ್ಲೇ ಇರುತ್ತದೆ, ಐದು ನಿಮಿಷದಲ್ಲಿ ಕಳೆದು ನೋಡಬಹುದು.

ಸಿಬ್ಬಂದಿ ಸಂಖ್ಯೆಗೆ ಚಿನ್ನದ ದರದ ಹಂಗಿಲ್ಲ. ಸಾಫ್ಟ್‌ವೇರ್ ಸೇವೆಯಂಥ ಉದ್ಯಮದಲ್ಲಿ ಅದು ನೇರವಾಗಿ ಸಾಮರ್ಥ್ಯದ ಅಳತೆಯೂ ಹೌದು, ಏಕೆಂದರೆ ಮಾರುವುದು ಜನರ ಕೆಲಸವನ್ನೇ. ಇನ್ಫೋಸಿಸ್‌ನ ವಹಿವಾಟನ್ನು ಸಿಬ್ಬಂದಿಯಿಂದ ಭಾಗಿಸಿದರೆ ತಲಾ 43 ಲಕ್ಷ ರೂಪಾಯಿ ಸಿಗುತ್ತದೆ. ಆದರೆ ಈ ತಲೆಯೆಣಿಕೆಯಲ್ಲಿ ಎಲ್ಲ ತಲೆಗಳೂ ಇಲ್ಲ. ಅದೇ ವರ್ಷ ಕಂಪನಿ ಹೊರಗಿನ ತಾಂತ್ರಿಕ ಉಪಗುತ್ತಿಗೆದಾರರಿಗೆ ಸುಮಾರು 14 ಸಾವಿರ ಕೋಟಿ ಖರ್ಚು ಮಾಡಿದೆ. ಆ ಕೆಲಸ ಮಾಡಿದವರು ಕಂಪನಿಯ ಸಿಬ್ಬಂದಿಯಲ್ಲ. ಭದ್ರತೆ, ಸ್ವಚ್ಛತೆ, ಕ್ಯಾಂಟೀನುಗಳನ್ನು ಗುತ್ತಿಗೆಗೆ ಕೊಟ್ಟ ಯಾವುದೇ ಕಂಪನಿಯೂ ನಿಜವಾಗಿ ಇರುವುದಕ್ಕಿಂತ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ.

ಮಾರುಕಟ್ಟೆ ಮೌಲ್ಯದ ಸ್ವಭಾವವೇ ಬೇರೆ. ಒಂದು ಷೇರಿನ ಬೆಲೆಯನ್ನು ಒಟ್ಟು ಷೇರುಗಳಿಂದ ಗುಣಿಸಿದರೆ ಅದು ಬರುತ್ತದೆ. 2023ರ ಸಾಮಾನ್ಯ ದಿನಗಳಲ್ಲಿ ಇನ್ಫೋಸಿಸ್‌ನ ಸುಮಾರು 415 ಕೋಟಿ ಷೇರುಗಳಲ್ಲಿ ಕೈ ಬದಲಾಗುತ್ತಿದ್ದುದು ಶೇ 1ಕ್ಕೂ ಕಡಿಮೆ. ಆ ಚೂರಿಗೆ ಸಿಕ್ಕ ದರವನ್ನೇ ಇಡೀ ಕಂಪನಿಗೆ ಹಚ್ಚುತ್ತೇವೆ. 2023ರ ಏಪ್ರಿಲ್ 17ರಂದು, ತ್ರೈಮಾಸಿಕ ಫಲಿತಾಂಶ ನಿರಾಸೆ ತಂದ ಬಳಿಕ, ಷೇರು ಶೇ 9ಕ್ಕಿಂತ ಹೆಚ್ಚು ಕುಸಿಯಿತು. ಒಂದೇ ದಿನದಲ್ಲಿ ಸುಮಾರು 54 ಸಾವಿರ ಕೋಟಿ ಕರಗಿತು. ಗ್ರಾಹಕರು, ಕ್ಯಾಂಪಸ್ಸುಗಳು, ಸಿಬ್ಬಂದಿ ಎಲ್ಲ ಇದ್ದಲ್ಲೇ ಇದ್ದರು. ಬದಲಾದದ್ದು ಮುಂದಿನ ವರ್ಷಗಳ ಲಾಭದ ಬಗ್ಗೆ ಹೂಡಿಕೆದಾರರಿಗಿದ್ದ ನಿರೀಕ್ಷೆ. ಮಾರುಕಟ್ಟೆ ಮೌಲ್ಯ ಅಳೆಯುವುದು ಅದನ್ನೇ, ಅದೂ ಷೇರುದಾರರ ಪಾಲಿನ ಮಟ್ಟಿಗೆ. ಕಂಪನಿಗೆ ಭಾರೀ ಸಾಲವಿದ್ದರೆ ಅದೇ ಮೌಲ್ಯದ ಹಿಂದೆ ಎಷ್ಟೋ ದೊಡ್ಡ ಆಸ್ತಿ ಇರಬಹುದು. ಆದ್ದರಿಂದ ಎರಡು ಕಂಪನಿಗಳನ್ನು ಹೋಲಿಸುವಾಗ ಸಾಲವನ್ನು ಕೂಡಿಸಿ, ಕೈಯಲ್ಲಿರುವ ನಗದನ್ನು ಕಳೆಯುತ್ತಾರೆ.

ಷೇರುಪೇಟೆಯಲ್ಲಿ ಇಲ್ಲದ ಕಂಪನಿಗೆ ಈ ಮೂರನೆಯ ಅಂಕಿಯೇ ಇರುವುದಿಲ್ಲ. ಅಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಿದ ಲೆಕ್ಕಪತ್ರಗಳನ್ನು ಶುಲ್ಕ ಕಟ್ಟಿ ತೆರೆದು, ಸಿಬ್ಬಂದಿ ವೆಚ್ಚದ ಸಾಲನ್ನು ಮೊದಲು ಓದುವುದು ಒಳ್ಳೆಯದು. ಭವಿಷ್ಯ ನಿಧಿ ಸಂಸ್ಥೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ, ಯಾವ ತಿಂಗಳು ಎಷ್ಟು ಜನರ ಪಿಎಫ್ ಕಟ್ಟಿದ್ದಾರೆ ಎಂಬುದು ಸಿಗುತ್ತದೆ. ವೆಚ್ಚವನ್ನು ಆ ಸಂಖ್ಯೆಯಿಂದ ಭಾಗಿಸಿ. ತಲಾ ಸಂಬಳ ಆ ಉದ್ಯಮದ ವಾಡಿಕೆಗಿಂತ ವಿಪರೀತ ಹೆಚ್ಚು ಬಂದರೆ ಪಿಎಫ್ ಪಟ್ಟಿಗೆ ಸೇರದ ಜನ ಅಲ್ಲಿ ಬಹಳಷ್ಟಿದ್ದಾರೆಂದು ಅನುಮಾನಿಸಬಹುದು.