ಸಂಜೆ ಬಿಸಿಲಿನಲ್ಲಿ ಎರಡು ಬಣ್ಣ ಇರುತ್ತವೆ

ಇತ್ತೀಚೆಗೆ ಕಲರಿಂಗ್‌ಗೆ ಬಂದ ಡಾಕ್ಯುಮೆಂಟರಿಯೊಂದರಲ್ಲಿ ಒಂದು ಸೀನ್ ತುಂಬಾ ಸತಾಯಿಸಿತು. ಅಡಿಕೆ ಬೆಳೆಗಾರರೊಬ್ಬರು ಅಂಗಳದಲ್ಲಿ ಕೂತು ಮಾತಾಡುತ್ತಾರೆ. ಅದು ಬೆಳಿಗ್ಗೆ 9 ಗಂಟೆಗೆ ಸೋನಿ ಕ್ಯಾಮೆರಾದಲ್ಲಿ ಆಮೇಲೆ ಬಣ್ಣ ತಿದ್ದಲು ಜಾಗ ಬಿಡುವ S-Log3 ಹಾಕಿ ತೆಗೆದ 10 ಬಿಟ್ ಶಾಟ್. ಮಾತಿನ ಮಧ್ಯೆ ಅವರೇ ಅಡಿಕೆ ಸುಲಿಯುವ ಶಾಟ್ ಬರುತ್ತದೆ. ಇದನ್ನು ಸಂಜೆ ಐದೂವರೆಗೆ ಯಾರೋ ಫೋನ್‌ನಲ್ಲಿ ತೆಗೆದಿದ್ದರು, 8 ಬಿಟ್. ಒಂದರಿಂದ ಇನ್ನೊಂದಕ್ಕೆ ಕಟ್ ಆದ ಕೂಡಲೇ ಬೇರೆ ಸಿನಿಮಾ ಶುರುವಾದ ಹಾಗೆ ಅನಿಸುತ್ತಿತ್ತು.

ಮೊದಲು ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಅಂತ ತೀರ್ಮಾನಿಸಬೇಕು. ಚೆನ್ನಾಗಿರುವ ಶಾಟ್‌ಗೆ ಕೆಟ್ಟದ್ದನ್ನು ಹೊಂದಿಸೋಣ ಅಂತ ಎಲ್ಲರಿಗೂ ಅನಿಸುತ್ತದೆ. ನಾನು ಉಲ್ಟಾ ಮಾಡುತ್ತೇನೆ. ಫೋನ್ ಕ್ಲಿಪ್‌ನಲ್ಲಿ ಕಾಂಟ್ರಾಸ್ಟ್ ಆಗಲೇ ಸೇರಿಹೋಗಿರುತ್ತದೆ, ಕಪ್ಪು ಜಾಗ ಮುಚ್ಚಿಹೋಗಿರುತ್ತದೆ. ಅದನ್ನು ಜಾಸ್ತಿ ಎಳೆದರೆ ನಾಯ್ಸ್ ಎದ್ದು ಬರುತ್ತದೆ, ಆಕಾಶದಲ್ಲಿ ಪಟ್ಟಿಪಟ್ಟಿ ಕಾಣುತ್ತದೆ. ಸೋನಿ ಕ್ಲಿಪ್ ಹೇಳಿದ ಹಾಗೆ ಕೇಳುತ್ತದೆ. ಹಾಗಾಗಿ ಹೆಚ್ಚಿನ ದಾರಿ ನಡೆಯಬೇಕಾದ್ದು ಸೋನಿಯೇ.

ಕ್ಯಾಮೆರಾದ ವ್ಯತ್ಯಾಸ ಮತ್ತು ಬೆಳಕಿನ ವ್ಯತ್ಯಾಸವನ್ನು ಒಂದೇ ನೋಡ್‌ನಲ್ಲಿ, ಅಂದರೆ ತಿದ್ದುಪಡಿಯ ಒಂದೇ ಹಂತದಲ್ಲಿ, ಸರಿಮಾಡಲು ಹೋಗಬೇಡಿ. ಡಾವಿಂಚಿ ರಿಸಾಲ್ವ್‌ನಲ್ಲಿ ಸೋನಿ ಕ್ಲಿಪ್‌ಗೆ ಒಂದು Color Space Transform ಹಾಕಿದೆ. ಇನ್‌ಪುಟ್ S-Gamut3.Cine ಮತ್ತು S-Log3, ಔಟ್‌ಪುಟ್ ಮಾಮೂಲಿ ಟೀವಿಯ Rec.709, Gamma 2.4. ಎಕ್ಸ್‌ಪೋಶರ್ ಸರಿಮಾಡುವ ನೋಡ್ ಇದಕ್ಕಿಂತ ಮುಂಚೆ ಬರಬೇಕು. ಫೋನ್ ಕ್ಲಿಪ್ ಆಗಲೇ Rec.709ನಲ್ಲಿತ್ತು, ಅದಕ್ಕೆ ಇದು ಬೇಡ. ಈಗ ಎರಡೂ ಒಂದೇ ಭಾಷೆ ಮಾತಾಡುತ್ತವೆ. ಇನ್ನು ಉಳಿದದ್ದು ಬಿಸಿಲಿನ ಜಗಳ.

ಅದೃಷ್ಟಕ್ಕೆ ಎರಡೂ ಶಾಟ್‌ನಲ್ಲಿ ಅವರ ಹೆಗಲ ಮೇಲೆ ಅದೇ ಬಿಳಿ ಟವೆಲ್ ಇತ್ತು. ಇಂಥದ್ದೊಂದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಬೆಳಗಿನ ಶಾಟನ್ನು ಸ್ಟಿಲ್ ಆಗಿ ಗ್ಯಾಲರಿಗೆ ಹಾಕಿಕೊಂಡು, ಸಂಜೆಯದ್ದರ ಪಕ್ಕಕ್ಕೆ ವೈಪ್ ಮಾಡಿ, ಮೂರು ಬಣ್ಣದ ಮಟ್ಟವನ್ನು 0ರಿಂದ 1023ರವರೆಗೆ ಬೇರೆ ಬೇರೆಯಾಗಿ ತೋರಿಸುವ Parade ಸ್ಕೋಪ್ ನೋಡಿದೆ. ಬೆಳಗಿನ ಟವೆಲ್ ಕೆಂಪು, ಹಸಿರು, ನೀಲಿ ಮೂರರಲ್ಲೂ 760ರಿಂದ 790ರೊಳಗೆ ಇತ್ತು. ಸಂಜೆಯ ಟವೆಲ್‌ನಲ್ಲಿ ಕೆಂಪು 870, ಹಸಿರು 740, ನೀಲಿ ಬರೀ 590. ಕೆಂಪು 1023ಕ್ಕೆ ಬಡಿದು ಮೇಲ್ಭಾಗ ಚಪ್ಪಟೆಯಾಗಿದ್ದರೆ ಅಲ್ಲಿಗೆ ಆಸೆ ಬಿಡಬೇಕಿತ್ತು.

ಇಲ್ಲಿ ಎಲ್ಲರ ಕೈ Temp ಸ್ಲೈಡರ್ ಕಡೆಗೆ ಹೋಗುತ್ತದೆ. ಶಾಟ್ ಹಳದಿಯಾಗಿದೆ, ನೀಲಿ ಕಡೆಗೆ ತಳ್ಳೋಣ ಅಂತ. ಟವೆಲ್ ಬೆಳ್ಳಗಾಗುತ್ತದೆ ನಿಜ. ಆದರೆ ಅಡಿಕೆ ರಾಶಿಯ ನೆರಳು, ಅವರ ಕತ್ತಿನ ಕೆಳಗಿನ ಕತ್ತಲು, ಎಲ್ಲ ನೀಲಿ ಶಾಯಿ ಚೆಲ್ಲಿದ ಹಾಗೆ ಆಗುತ್ತದೆ. ಯಾಕೆಂದರೆ ಸಂಜೆ ಇಳಿಬಿಸಿಲು ಬಿದ್ದ ಜಾಗ ಮಾತ್ರ ಕಿತ್ತಳೆ. ನೆರಳಿಗೆ ಬರುವ ಬೆಳಕು ಸೂರ್ಯನಿಂದ ನೇರವಾಗಿ ಬಂದದ್ದಲ್ಲ, ನೀಲಿ ಆಕಾಶದಿಂದ ಬಂದದ್ದು. ಸ್ಕೋಪ್‌ನ ತಳದಲ್ಲೂ ಅದೇ ಕಾಣುತ್ತಿತ್ತು: ಮೇಲೆ ನೀಲಿ ಕಮ್ಮಿ, ಕೆಳಗೆ ನೀಲಿ ಜಾಸ್ತಿ. ಒಂದೇ ಸ್ಲೈಡರ್‌ನಿಂದ ಇವೆರಡನ್ನೂ ಸರಿಮಾಡಲು ಆಗೋದಿಲ್ಲ.

ಅದಕ್ಕೇ ಬೆಳಕಿನ ಭಾಗಕ್ಕೆ Gain, ಕತ್ತಲಿನ ಭಾಗಕ್ಕೆ Lift ಅಂತ ಬೇರೆ ಬೇರೆಯಾಗಿ ಮುಟ್ಟಬೇಕು. Gainನಲ್ಲಿ ಕೆಂಪು ಇಳಿಸಿ 820ರ ಹತ್ತಿರ ತಂದೆ, ನೀಲಿಯನ್ನು 690ರವರೆಗೆ ಮಾತ್ರ ಏರಿಸಿದೆ. ಪೂರ್ತಿ ಏರಿಸಿದರೆ ಫೋನ್ ಕ್ಲಿಪ್‌ನ ನೀಲಿ ಚಾನೆಲ್‌ನಲ್ಲಿ ಕಾಳುಕಾಳಾಗಿ ನಾಯ್ಸ್ ಬರುತ್ತದೆ. ಆಮೇಲೆ Liftನಲ್ಲಿ ನೀಲಿ ಸ್ವಲ್ಪ ಇಳಿಸಿ, ತಳದಲ್ಲಿ ಮೂರು ಬಣ್ಣವೂ ಒಂದೇ ಮಟ್ಟಕ್ಕೆ ಬರುವ ಹಾಗೆ ಮಾಡಿದೆ. Lift ತಿರುಗಿಸಿದರೆ ಮೇಲಿನ ಭಾಗವೂ ಚೂರು ಅಲುಗುತ್ತದೆ, ಹಾಗಾಗಿ ಮತ್ತೆ Gainಗೆ ಬಂದು ತಿದ್ದಬೇಕು. ಉಳಿದ ಅಂತರವನ್ನು ಬೆಳಗಿನ ಶಾಟ್‌ನಿಂದ ತುಂಬಿದೆ. ಅದಕ್ಕೆ ಸ್ವಲ್ಪ ಬೆಚ್ಚಗಿನ ಬಣ್ಣ ಕೊಟ್ಟು, ಕಾಂಟ್ರಾಸ್ಟ್ ಏರಿಸಿ, ಫೋನ್ ಹತ್ತಿರಕ್ಕೆ ತಂದೆ.

ಟವೆಲ್ ಹೊಂದಿದರೂ ಮುಖ ಹೊಂದಿರಲಿಲ್ಲ. ಫೋನ್‌ನಲ್ಲಿ ಚರ್ಮ ಕೆಂಪಗೆ ಕಾಣುತ್ತಿತ್ತು. ಇದು ಬಿಸಿಲಿನದ್ದಲ್ಲ, ಕ್ಯಾಮೆರಾದ ರುಚಿ. ಕೆನ್ನೆಯ ಮೇಲೆ ವಿಂಡೋ ಹಾಕಿ, ಅಷ್ಟು ಭಾಗವನ್ನು ಮಾತ್ರ, ಬಣ್ಣ ಯಾವ ಕಡೆಗಿದೆ ಅಂತ ತೋರಿಸುವ ವೆಕ್ಟರ್‌ಸ್ಕೋಪ್‌ನಲ್ಲಿ ನೋಡಿದರೆ ಸ್ಕಿನ್ ಟೋನ್ ಗೆರೆಯಿಂದ ಅದು ಎಷ್ಟು ಕೆಂಪು ಕಡೆಗೆ ವಾಲಿದೆ ಅಂತ ಗೊತ್ತಾಗುತ್ತದೆ. ಕಪ್ಪು ಮೈಬಣ್ಣವಿರಲಿ, ಬಿಳಿ ಇರಲಿ, ಚರ್ಮ ಹೆಚ್ಚುಕಮ್ಮಿ ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. Hue vs Hue ಕರ್ವ್‌ನಲ್ಲಿ ಕೆಂಪನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು. ಎರಡೂ ಮುಖ ಒಂದೇ ಜಾಗಕ್ಕೆ ಬಂದರಾಯಿತು, ಗೆರೆಯ ಮೇಲೇ ಕೂರಬೇಕು ಅಂತೇನಿಲ್ಲ. ಹಿಂದಿನ ಅಡಿಕೆ ಮರಗಳ ಹಸಿರನ್ನೂ ಅದೇ ಕರ್ವ್‌ನಲ್ಲಿ ಸರಿಮಾಡಿದೆ.

ಫೋನ್ ಕ್ಲಿಪ್‌ನಲ್ಲಿ ಇನ್ನೊಂದು ಕಾಟ ಇರುತ್ತದೆ, ಆಟೋ ವೈಟ್ ಬ್ಯಾಲೆನ್ಸ್. ಕ್ಲಿಪ್ ಪ್ಲೇ ಆಗುವಾಗ Parade ಮೇಲೆ ಕಣ್ಣಿಡಿ. ಶಾಟ್‌ನಲ್ಲಿ ಏನೂ ಬದಲಾಗದಿದ್ದರೂ ನೀಲಿ ನಿಧಾನಕ್ಕೆ ಏರುತ್ತಿದ್ದರೆ ಅದೇ ಕಾರಣ. ಕೀಫ್ರೇಮ್ ಹಾಕಬಹುದು. ನಾನಾದರೆ ಎಡಿಟರ್‌ಗೆ ಹೇಳಿ ಅಲುಗದ ಭಾಗವನ್ನಷ್ಟೇ ಇಟ್ಟುಕೊಳ್ಳುತ್ತೇನೆ.

ನೆರಳಿನ ಉದ್ದ ಮಾತ್ರ ಯಾವ ನೋಡ್‌ಗೂ ಜಗ್ಗುವುದಿಲ್ಲ. ಸಂಜೆಯ ವೈಡ್ ಶಾಟ್‌ನಲ್ಲಿ ಮರಗಳ ನೆರಳು ಅಂಗಳದ ಉದ್ದಕ್ಕೂ ಮಲಗಿತ್ತು. ಬೆಳಗಿನ ಮಾತಿನ ಪಕ್ಕದಲ್ಲಿ ಅದು ಯಾವತ್ತೂ ಕೂರುವುದಿಲ್ಲ. ಅದನ್ನು ತೆಗೆಸಿ, ಸುಲಿಯುವ ಕೈಗಳ ಕ್ಲೋಸಪ್ ಮಾತ್ರ ಉಳಿಸಿಕೊಂಡೆವು.